ಒಡೆದು ತಲುಪಿದ ಪಾರ್ಸೆಲ್: ಹಣ ವಾಪಸ್ ಕೇಳಿದ ಗ್ರಾಹಕರಿಗೆ ಉತ್ತರ ಬರೆಯುವ ಬಗೆ

ಮಲ್ಲೇಶ್ವರದ ಒಂದು ಮನೆಯ ಮಹಡಿಯಿಂದ ನಡೆಯುವ ಸಣ್ಣ ಅಂಗಡಿ ಎಂದಿಟ್ಟುಕೊಳ್ಳಿ. ಉಪ್ಪಿನಕಾಯಿ ಹಾಕುವ ಪಿಂಗಾಣಿ ಜಾಡಿಗಳನ್ನು ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಂಡು ಊರೂರಿಗೆ ಕಳಿಸುತ್ತಾರೆ. ಹುಬ್ಬಳ್ಳಿಯ ಗ್ರಾಹಕರೊಬ್ಬರು ಜೋಡಿ ಜಾಡಿ ತರಿಸಿದ್ದಾರೆ: ಎರಡು ಲೀಟರಿನದು ಒಂದು, ಅರ್ಧ ಲೀಟರಿನದು ಒಂದು. ಜೋಡಿಗೆ ₹1,300, ಕೊರಿಯರಿಗೆ ₹180, ಒಟ್ಟು ₹1,480. ಸೋಮವಾರ ಸಂಜೆ 6.40ಕ್ಕೆ ಅವರಿಂದ ಎರಡು ಫೋಟೋ, ಜೊತೆಗೆ ಈ ಸಂದೇಶ ಬರುತ್ತದೆ:

"ನಿಮ್ ಪಾರ್ಸೆಲ್ ಇವತ್ತ ಬಂತ್ರಿ. ತೆಗದ ನೋಡಿದ್ರ ದೊಡ್ಡ ಜಾಡಿ ಚೂರ್ ಚೂರ್ ಆಗೇತಿ. ಹಿಂಗ ಪ್ಯಾಕ್ ಮಾಡ್ತಾರೇನ್ರಿ? ಬ್ಯಾರೆ ಜಾಡಿ ಬ್ಯಾಡ. ನನ್ನ ರೊಕ್ಕ ಪೂರ್ತಿ ವಾಪಸ್ ಹಾಕ್ರಿ."

ಈ ಒಂದು ಪ್ರಸಂಗವನ್ನೇ ಹಿಡಿದು, ಮೊದಲ ಸಂದೇಶದಿಂದ ಹಣ ಅವರ ಖಾತೆ ಸೇರುವವರೆಗೆ ಏನೇನು ಬರೆಯಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂದು ನೋಡೋಣ. ಜಾಡಿಯ ಬದಲು ಗಾಜಿನ ಬಾಟಲಿ, ಗಡಿಯಾರ, ಮಣ್ಣಿನ ಗೊಂಬೆ ಯಾವುದೇ ಇದ್ದರೂ ಕ್ರಮ ಹೆಚ್ಚು ಕಡಿಮೆ ಇದೇ.

ಮೊದಲು ಆ ಸಂದೇಶವನ್ನು ಸರಿಯಾಗಿ ಓದಿ

ಬೆಂಗಳೂರಿನ ಕಿವಿಗೆ ಆ ಮಾತು ಜಗಳಕ್ಕೆ ಬಂದಂತೆ ಕೇಳಿಸಬಹುದು. ನಿಜಕ್ಕೂ ಅದರಲ್ಲಿ ಜಗಳವಿಲ್ಲ. ಆ ಸೀಮೆಯಲ್ಲಿ ಇದು ನೇರ ಮಾತು, ಅಷ್ಟೇ. ಸಿಟ್ಟಿದ್ದರೂ 'ಬಂತ್ರಿ', 'ಮಾಡ್ತಾರೇನ್ರಿ', 'ಹಾಕ್ರಿ' ಎಂದು ಮಾತಿನ ತುದಿಯಲ್ಲಿ 'ರಿ' ಉಳಿದಿದೆ. ಅವರು ಮರ್ಯಾದೆ ಬಿಟ್ಟಿಲ್ಲ. ಹಾಗಂತ ನೀವೂ 'ರೊಕ್ಕ ಹಾಕ್ತೀವ್ರಿ' ಎಂದು ಅವರ ಮಾತಿನ ಧಾಟಿಯನ್ನು ಅನುಕರಿಸಲು ಹೋಗಬೇಡಿ. ಒಡೆದ ಜಾಡಿ ಮುಂದಿಟ್ಟುಕೊಂಡು ಕೂತವರಿಗೆ ಅದು ಅಣಕಿಸಿದ ಹಾಗೆ ಕಾಣುತ್ತದೆ. ನಿಮ್ಮ ಮಾಮೂಲಿ ಕನ್ನಡದಲ್ಲೇ ಬರೆಯಿರಿ.

ಆ ನಾಲ್ಕು ಸಾಲಿನಲ್ಲಿ ಕೆಲಸಕ್ಕೆ ಬೇಕಾದ ಮಾತು ಎರಡಿವೆ. ಒಂದು, ಬೇರೆ ಜಾಡಿ ಬೇಡ. ಇನ್ನೊಂದು, ಹಣ ಪೂರ್ತಿ ಬೇಕು. ಹೆಚ್ಚಿನ ಮಾರಾಟಗಾರರು ಎಡವುವುದು ಇಲ್ಲಿಯೇ. ಹಣ ಕೇಳಿದವರಿಗೆ 'ಹೊಸದು ಕಳಿಸ್ತೀವಿ ಮೇಡಂ' ಎನ್ನುತ್ತಾರೆ. ಬೇಡವೆಂದು ಬರೆದದ್ದನ್ನೇ ಮತ್ತೆ ಮುಂದಿಟ್ಟರೆ, ತಮ್ಮ ಮಾತನ್ನು ಇವರು ಓದಿಯೇ ಇಲ್ಲ ಎಂದು ಗ್ರಾಹಕರಿಗೆ ಅನಿಸುತ್ತದೆ. ಅಲ್ಲಿಂದ ಮುಂದೆ ನೀವು ಎಷ್ಟು ವಿನಯದಿಂದ ಬರೆದರೂ ಅದು ನಾಟುವುದಿಲ್ಲ. ಬದಲಿ ಜಾಡಿಯ ಮಾತನ್ನು ಅವರೇ ಎತ್ತಿದರೆ ಮಾತ್ರ ನೀವು ಎತ್ತಿ.

ಒಂದೆರಡು ಗಂಟೆಯೊಳಗೆ: ಸಣ್ಣ ಉತ್ತರ

ಉತ್ತರವನ್ನು ಎರಡು ಭಾಗ ಮಾಡುವುದು ಒಳ್ಳೆಯದು. ಮೊದಲನೆಯದು ಚಿಕ್ಕದು, ಬೇಗ ಹೋಗಬೇಕು. ಎರಡನೆಯದು ಹಣ ಕಳಿಸಿದ ಮೇಲೆ. ಎಲ್ಲವನ್ನೂ ವಿಚಾರಿಸಿ, ಲೆಕ್ಕ ಹಾಕಿ, ಒಂದೇ ಸಲ ಉದ್ದಕ್ಕೆ ಬರೆಯೋಣ ಎಂದು ಕಾದರೆ ರಾತ್ರಿ ಕಳೆಯುತ್ತದೆ. ವಾಟ್ಸಾಪಿನಲ್ಲಿ ನೀಲಿ ಗೆರೆ ಬಿದ್ದೂ ಉತ್ತರ ಬಾರದ ಆ ರಾತ್ರಿಯಲ್ಲಿಯೇ ಗ್ರಾಹಕರು ಬೇರೆ ಕಡೆ ಬರೆಯಲು ಶುರು ಮಾಡುವುದು.

ಮೊದಲ ಉತ್ತರ ಹೀಗಿರಲಿ:

"ನಮಸ್ಕಾರ ಮೇಡಂ. ಫೋಟೋ ನೋಡಿದೆವು, ದೊಡ್ಡ ಜಾಡಿ ಪೂರ್ತಿ ಒಡೆದಿದೆ. ಕ್ಷಮಿಸಿ. ನಿಮ್ಮ ₹1,480 ಪೂರ್ತಿ ವಾಪಸ್ ಕೊಡುತ್ತೇವೆ, ನಾಳೆ ಮಧ್ಯಾಹ್ನ 12ರ ಒಳಗೆ ಕಳಿಸಿ ತಿಳಿಸುತ್ತೇವೆ. ಚೂರುಗಳು ತುಂಬ ಹರಿತ, ಬರಿಗೈಯಲ್ಲಿ ತೆಗೆಯಬೇಡಿ. ಸಾಧ್ಯವಾದರೆ ಪೆಟ್ಟಿಗೆಯ ಹೊರಗಿನ ಫೋಟೋ, ಅದರ ಮೇಲಿನ ವಿಳಾಸದ ಚೀಟಿಯ ಫೋಟೋ ಒಂದೊಂದು ಕಳಿಸಿ. ಕೊರಿಯರಿನವರಿಗೆ ದೂರು ಕೊಡಲು ಬೇಕು. ಅದು ಸಿಗದಿದ್ದರೂ ನಿಮ್ಮ ಹಣಕ್ಕೆ ತಡೆಯಿಲ್ಲ."

ಇದರಲ್ಲಿ ಒಂದೊಂದು ಮಾತಿಗೂ ಕಾರಣವಿದೆ. 'ಫೋಟೋ ನೋಡಿದೆವು, ದೊಡ್ಡ ಜಾಡಿ ಪೂರ್ತಿ ಒಡೆದಿದೆ' ಎಂದಾಗ ನೀವೇ ಕಣ್ಣಾರೆ ಕಂಡು ಒಪ್ಪಿಕೊಂಡಂತಾಯಿತು. ಅದನ್ನೇ 'ಜಾಡಿ ಒಡೆದಿದೆ ಎಂದು ತಿಳಿಸಿದ್ದೀರಿ' ಎಂದು ಬರೆದರೆ ಅರ್ಥ ತಿರುಗುತ್ತದೆ. ಆ 'ಎಂದು' ಬಂದ ಕೂಡಲೇ ಅವರು ಹೇಳುತ್ತಿದ್ದಾರೆ, ನಮಗೆ ಗೊತ್ತಿಲ್ಲ ಎಂಬ ಧ್ವನಿ ಬಂದು ಸೇರುತ್ತದೆ. ಕಚೇರಿ ಪತ್ರಗಳಿಂದ ಬಂದ ಈ ಅಭ್ಯಾಸವನ್ನು ಇಲ್ಲಿ ಬಿಡಬೇಕು.

ಚೂರಿನ ಮಾತು ಬರಿ ಸೌಜನ್ಯಕ್ಕೆ ಹಾಕಿದ್ದಲ್ಲ. ಪಿಂಗಾಣಿ ಒಡೆದಾಗ ಹೊಳಪಿನ ಲೇಪದ ಅಂಚು ಗಾಜಿನ ಹಾಗೆ ಕೊಯ್ಯುತ್ತದೆ. ಪೆಟ್ಟಿಗೆಯೊಳಗಿನ ಹರಿದ ಕಾಗದದಲ್ಲಿ ಸಣ್ಣ ಸೀಳುಗಳು ಸಿಕ್ಕಿಕೊಂಡಿರುತ್ತವೆ, ಕಾಣಿಸುವುದಿಲ್ಲ. ನೀವು ಕಳಿಸಿದ ಪದಾರ್ಥದಿಂದ ಅವರ ಮನೆಯಲ್ಲಿ ಯಾರಿಗೂ ಗಾಯವಾಗದಿರಲಿ ಎಂಬುದು ಹಣಕ್ಕಿಂತ ಮುಂಚಿನ ಮಾತು.

ಫೋಟೋ ಕೇಳುವಾಗ ಯಾಕೆಂದು ಹೇಳಿ. ಕಾರಣ ಹೇಳದೆ 'ಎಲ್ಲಾ ಕಡೆಯಿಂದ ಫೋಟೋ ಕಳಿಸಿ' ಎಂದರೆ ಅನುಮಾನ ಪಟ್ಟಂತಾಗುತ್ತದೆ. 'ಪೆಟ್ಟಿಗೆ ತೆರೆದಾಗಿನ ವಿಡಿಯೋ ಇದೆಯಾ?' ಎಂಬ ಪ್ರಶ್ನೆಯನ್ನಂತೂ ಹಾಕಲೇಬೇಡಿ. ಉಪ್ಪಿನಕಾಯಿ ಜಾಡಿ ತರಿಸಿದವರು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ಕತ್ತರಿ ಹಿಡಿಯುವುದಿಲ್ಲ.

ಗಡುವು ಕೊಡುವಾಗ ಗಂಟೆ ಹೇಳಿ. 'ಆದಷ್ಟು ಬೇಗ', 'ಚೆಕ್ ಮಾಡಿ ಹೇಳ್ತೀವಿ', 'ನೋಡೋಣ' ಈ ಮೂರೂ ನಮ್ಮೂರಿನಲ್ಲಿ ಇಲ್ಲ ಎನ್ನುವುದಕ್ಕೆ ಬಳಸುವ ಮಾತುಗಳೇ ಆಗಿಬಿಟ್ಟಿವೆ. ಗ್ರಾಹಕರಿಗೂ ಅದು ಗೊತ್ತು.

ಫೋಟೋದಲ್ಲಿ ಏನು ನೋಡಬೇಕು

ರಾತ್ರಿ 9ರ ಹೊತ್ತಿಗೆ ಅವರು ಪೆಟ್ಟಿಗೆಯ ಫೋಟೋ ಕಳಿಸಿದರು ಎನ್ನಿ. ಈಗ ಸಾವಕಾಶವಾಗಿ ನೋಡಿ. ಹಣ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವುದಕ್ಕಲ್ಲ, ಅದು ಆಗಲೇ ತೀರ್ಮಾನವಾಗಿದೆ. ಎರಡನೇ ಉತ್ತರದಲ್ಲಿ ಕಾರಣವಾಗಿ ಏನು ಬರೆಯಬಹುದು, ಏನು ಬರೆಯಬಾರದು ಎಂದು ತಿಳಿಯುವುದಕ್ಕೆ.

ಪೆಟ್ಟಿಗೆಯ ಮೂಲೆ ಜಜ್ಜಿ ಒಳಕ್ಕೆ ಹೋಗಿದ್ದರೆ ಎತ್ತರದಿಂದ ಬಿದ್ದಿದೆ. ಮೇಲ್ಭಾಗ ತಗ್ಗಾಗಿದ್ದರೆ ಅದರ ಮೇಲೆ ಭಾರ ಪೇರಿಸಿದ್ದಾರೆ. ನೀವು ಹಾಕದ ಬೇರೆ ಬಣ್ಣದ ಟೇಪು ಕಂಡರೆ ದಾರಿಯಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಯಾರೋ ಮತ್ತೆ ಅಂಟಿಸಿದ್ದಾರೆ. ಇವೆಲ್ಲ ಕೊರಿಯರಿನ ಕಡೆ ಬೆರಳು ತೋರಿಸುತ್ತವೆ. ಪೆಟ್ಟಿಗೆ ಹೊರಗಿನಿಂದ ಹೊಸದರ ಹಾಗೆ ಇದ್ದು ಒಳಗಿನದು ಮಾತ್ರ ಒಡೆದಿದ್ದರೆ ತಪ್ಪು ಬಹುಮಟ್ಟಿಗೆ ಪ್ಯಾಕಿಂಗಿನದು.

ನಮ್ಮ ಪ್ರಸಂಗದಲ್ಲಿ ಒಂದು ಮೂಲೆ ಸ್ವಲ್ಪ ನೆಗ್ಗಿದೆ, ಉಳಿದಂತೆ ಪೆಟ್ಟಿಗೆ ಚೆನ್ನಾಗಿದೆ. ದೊಡ್ಡ ಜಾಡಿ ಒಡೆದಿರುವುದು ಹೊಟ್ಟೆಯ ಭಾಗದಲ್ಲಿ, ಚಿಕ್ಕ ಜಾಡಿಯ ಕಡೆಗಿದ್ದ ಮಗ್ಗುಲಿನಲ್ಲಿ. ಚಿಕ್ಕದಕ್ಕೆ ಏನೂ ಆಗಿಲ್ಲ. ಎರಡರ ನಡುವೆ ಇದ್ದದ್ದು ಮಡಿಸಿದ ನ್ಯೂಸ್‌ಪೇಪರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಲಾರಿಯ ಅಲುಗಾಟಕ್ಕೆ ಕಾಗದ ಚಪ್ಪಟೆಯಾಗಿ ಕೂರುತ್ತದೆ, ಮೊದಲು ಬಿಗಿಯಾಗಿದ್ದ ಜಾಗದಲ್ಲಿ ಸಂದು ಬೀಳುತ್ತದೆ, ಆಮೇಲೆ ಜಾಡಿಗೆ ಜಾಡಿ ತಾಗುತ್ತದೆ. ಹೊರಗಿನಿಂದ ಬಿದ್ದ ಒಂದು ಸಾಧಾರಣ ಪೆಟ್ಟೂ ಆಗ ಸಾಕು. ಅಂದರೆ ಕೊರಿಯರಿನವರು ಪೆಟ್ಟಿಗೆಯನ್ನು ಕೆಡವಿರುವುದು ನಿಜವಾದರೂ ಮುಖ್ಯ ತಪ್ಪು ಅಂಗಡಿಯದು. ಅದನ್ನು ಒಪ್ಪಿ ಬರೆಯಬೇಕು.

ಫೋಟೋ ನಿಮ್ಮ ಪಾರ್ಸೆಲಿನದೇ ಅಲ್ಲ ಎಂಬ ಅನುಮಾನ ಬರುವುದೂ ಅಪರೂಪಕ್ಕೆ ಉಂಟು. ಚೀಟಿಯ ಮೇಲಿನ ಪಾರ್ಸೆಲ್ ಸಂಖ್ಯೆ, ನಿಮ್ಮ ಟೇಪು, ಜಾಡಿಯ ಬಣ್ಣ ಇವು ತಾಳೆಯಾಗುತ್ತವೆಯೇ ನೋಡಿ. ತಾಳೆಯಾಗದಿದ್ದರೆ ಆರೋಪ ಮಾಡದೆ, 'ಚೀಟಿಯ ಸಂಖ್ಯೆ ನಮ್ಮ ಆರ್ಡರಿಗೆ ಹೊಂದುತ್ತಿಲ್ಲ, ಇನ್ನೊಮ್ಮೆ ನೋಡಿ ಕಳಿಸುತ್ತೀರಾ' ಎಂದು ಕಂಡದ್ದನ್ನಷ್ಟೇ ಬರೆಯಿರಿ. ಮೊದಲು ಬಂದ ಎರಡು ಫೋಟೋದಲ್ಲೇ ಈ ಸಂಶಯ ಬಂದಿದ್ದರೆ ಮಾತ್ರ 'ಪೂರ್ತಿ ವಾಪಸ್ ಕೊಡುತ್ತೇವೆ' ಎಂಬ ಮಾತನ್ನು ಮೊದಲ ಉತ್ತರದಲ್ಲಿ ತಡೆಹಿಡಿಯಬಹುದು.

ಎಷ್ಟು ವಾಪಸ್ ಕೊಡಬೇಕು

ಜೋಡಿಯಲ್ಲಿ ಒಂದು ಚೆನ್ನಾಗಿದೆಯಲ್ಲ, ಅದರ ಬೆಲೆ ಹಿಡಿದುಕೊಳ್ಳೋಣ ಎಂದು ಅನಿಸುವುದು ಸಹಜ. ಆದರೆ ಮಾರಿದ್ದು ಜೋಡಿ ಎಂದು, ಬೆಲೆ ಹಾಕಿದ್ದೂ ಜೋಡಿಗೆ. ಒಂದು ಒಡೆದರೆ ಅವರು ಕೊಂಡ ವಸ್ತು ಅವರಿಗೆ ಸಿಕ್ಕಲಿಲ್ಲ. ಚಿಕ್ಕದನ್ನು ವಾಪಸ್ ತರಿಸೋಣ ಎಂದರೆ ಹುಬ್ಬಳ್ಳಿಯಿಂದ ತರಿಸುವ ಖರ್ಚು ಮತ್ತೆ ನೂರಿನ್ನೂರು ರೂಪಾಯಿ. ಅರ್ಧ ಲೀಟರಿನ ಜಾಡಿ ನಿಮಗೆ ಬಿದ್ದಿರುವ ಅಸಲೇ ಅಷ್ಟಿರುತ್ತದೆ, ಜೊತೆಗೆ ಅದನ್ನು ಮತ್ತೆ ಪ್ಯಾಕ್ ಮಾಡಿ ಕೊಡುವ ಕೆಲಸವನ್ನು ತೊಂದರೆ ಅನುಭವಿಸಿದವರ ತಲೆಗೇ ಕಟ್ಟಿದ ಹಾಗೆ. ಅದು ಅವರಲ್ಲೇ ಇರಲಿ. ಐದು ಸಾವಿರದ ವಸ್ತುವಾಗಿದ್ದರೆ ಲೆಕ್ಕ ಬೇರೆ. ಆಗ ವಾಪಸ್ ತರಿಸಿ, ಆದರೆ ಆಳನ್ನು ಮನೆ ಬಾಗಿಲಿಗೆ ನೀವೇ ಕಳಿಸಿ, ಖರ್ಚೂ ನಿಮ್ಮದೇ ಇರಲಿ.

ಕೊರಿಯರಿನ ₹180 ಹಿಡಿದುಕೊಂಡು ₹1,300 ಮಾತ್ರ ಹಾಕುವವರಿದ್ದಾರೆ. 'ಕೊರಿಯರ್ ಚಾರ್ಜ್ ನಾವು ಆಗಲೇ ಕಟ್ಟಿದ್ದೇವೆ' ಎಂಬುದು ಅವರ ವಾದ. ಗ್ರಾಹಕರು ಆ ₹180 ಕೊಟ್ಟದ್ದು ಜಾಡಿ ಇಡಿಯಾಗಿ ಮನೆಗೆ ಬರಲಿ ಎಂದು. ಇಡಿಯಾಗಿ ಬರಲಿಲ್ಲ. ಈ ನೂರೆಂಬತ್ತಕ್ಕಾಗಿ ಎಳೆದಾಡಿದರೆ ಉಳಿದ ₹1,300 ಕೊಟ್ಟ ಒಳ್ಳೆಯತನವೂ ಕೈಬಿಟ್ಟು ಹೋಗುತ್ತದೆ. ಪೂರ್ತಿ ಕೊಡಿ.

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. ನಿಯಮಿತವಾಗಿ ಆನ್‌ಲೈನಿನಲ್ಲಿ ಮಾರುವವರಿಗೆ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020 ಅನ್ವಯಿಸುತ್ತವೆ. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು, ದೋಷವಿರುವ ಸರಕಿಗೆ ಹಣ ವಾಪಸ್ ಕೊಡುವುದಿಲ್ಲ ಎನ್ನುವಂತಿಲ್ಲ ಎಂಬುದು ಅದರ ಸಾರ. ಆದ್ದರಿಂದ ಬಿಲ್ಲಿನ ಅಡಿಯಲ್ಲಿ 'ನೋ ರಿಟರ್ನ್, ನೋ ರೀಫಂಡ್' ಎಂದು ಅಚ್ಚು ಹಾಕಿಸಿದ್ದನ್ನು ತೋರಿಸಿ ಪ್ರಯೋಜನವಿಲ್ಲ. ಗ್ರಾಹಕರು ಸಿಟ್ಟಿನಲ್ಲಿ '1915ಕ್ಕೆ ಫೋನ್ ಮಾಡ್ತೀನಿ' ಎಂದರೆ ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹಾಗೆಂದರು ಎಂದು ನಿಮ್ಮ ಉತ್ತರ ಬಿಗಿಯೂ ಆಗಬಾರದು, ಬೆದರಿದಂತೆಯೂ ಆಗಬಾರದು. ಆ ಮಾತಿಗೆ ಪ್ರತಿಯಾಗಿ ಏನೂ ಬರೆಯದೆ ಹಣದ ವಿಷಯವನ್ನಷ್ಟೇ ಬರೆದರೆ ಸಾಕು.

ಮೊದಲು ಹಣ, ಆಮೇಲೆ ಅಕ್ಷರ

ಈ ಇಡೀ ಕೆಲಸದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಹಣ ಕಳಿಸಿದ ಮೇಲೆಯೇ ದೊಡ್ಡ ಉತ್ತರ ಬರೆಯಿರಿ. 'ಕಳಿಸುತ್ತೇವೆ' ಎಂದು ಬರೆದ ಪತ್ರದಲ್ಲಿ ಎಷ್ಟು ಸಲ ಕ್ಷಮಿಸಿ ಎಂದರೂ ಓದುವವರ ಕಣ್ಣು ಹುಡುಕುವುದು ತಾರೀಖನ್ನು. 'ಕಳಿಸಿದ್ದೇವೆ' ಎಂದು ಶುರುವಾದ ಪತ್ರದ ಉಳಿದ ಸಾಲುಗಳನ್ನು ಅವರು ಸಮಾಧಾನದಿಂದ ಓದುತ್ತಾರೆ.

ಹಣ ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಹೋಗಬೇಕು. ಪಾವತಿ ಗೇಟ್‌ವೇ ಮೂಲಕ ಬಂದಿದ್ದರೆ ಅದರೊಳಗಿನ ರೀಫಂಡ್ ಗುಂಡಿಯನ್ನೇ ಒತ್ತಿ. ಕಾರ್ಡಿನಲ್ಲಿ ಕಟ್ಟಿದ್ದರೆ ಖಾತೆಯಲ್ಲಿ ಕಾಣಲು ಸಾಮಾನ್ಯವಾಗಿ ಐದರಿಂದ ಏಳು ಕೆಲಸದ ದಿನ ಹಿಡಿಯುತ್ತದೆ, ಅದನ್ನು ಉತ್ತರದಲ್ಲೇ ಹೇಳಿಬಿಡಿ. ನಿಮ್ಮ ಯುಪಿಐ ಕ್ಯೂಆರ್‌ಗೆ ನೇರವಾಗಿ ಹಾಕಿದ್ದರೆ ಅವರು ಕಳಿಸಿದ್ದ ಪಾವತಿಯನ್ನು ತೆರೆದು ಅದೇ ಯುಪಿಐ ಐಡಿಗೆ ಹಾಕಿ, ಪರದೆಯ ಮೇಲೆ ಬರುವ ಹೆಸರು ತಾಳೆ ನೋಡಿ.

ಕ್ಯಾಶ್ ಆನ್ ಡೆಲಿವರಿ ಆಗಿದ್ದರೆ ಮಾತ್ರ ಐಡಿ ಕೇಳಬೇಕಾಗುತ್ತದೆ. ಆಗ ಬಹಳ ಹುಷಾರಾಗಿ ಬರೆಯಿರಿ, ಏಕೆಂದರೆ ರೀಫಂಡ್ ಕೊಡುತ್ತೇವೆಂದು ನಂಬಿಸಿ ದುಡ್ಡು ಹೊಡೆಯುವ ವಂಚಕರೂ ಹೀಗೇ ಶುರು ಮಾಡುತ್ತಾರೆ. "ನಿಮ್ಮ ಯುಪಿಐ ಐಡಿ ಮಾತ್ರ ಸಾಕು. ಹಣ ಪಡೆಯಲು ನೀವು ಪಿನ್ ಹಾಕುವುದಾಗಲಿ, ಕ್ಯೂಆರ್ ಸ್ಕ್ಯಾನ್ ಮಾಡುವುದಾಗಲಿ ಬೇಕಾಗಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ" ಎಂದು ಸೇರಿಸಿ. ಲಿಂಕ್ ಕಳಿಸಲೇಬೇಡಿ.

ಯುಪಿಐ ಪಾವತಿಯಾದ ಮೇಲೆ 12 ಅಂಕಿಯ ಯುಟಿಆರ್ ಸಂಖ್ಯೆ ಬರುತ್ತದೆ. ಸ್ಕ್ರೀನ್‌ಶಾಟ್ ಜೊತೆಗೆ ಆ ಸಂಖ್ಯೆಯನ್ನು ಟೈಪ್ ಮಾಡಿಯೂ ಕಳಿಸಿ. ಹಣ ಕಾಣದಿದ್ದರೆ ಅವರು ಬ್ಯಾಂಕಿನವರಿಗೆ ಕೊಡಬೇಕಾಗುವುದು ಅದನ್ನೇ, ಚಿತ್ರದಿಂದ ನಕಲು ಮಾಡುವುದು ಕಷ್ಟ. ಜಿಎಸ್‌ಟಿ ನೋಂದಣಿ ಇದ್ದು ತೆರಿಗೆ ಬಿಲ್ ಕೊಟ್ಟಿದ್ದರೆ ಅದೇ ಬಿಲ್ಲಿನ ಮೇಲೆ ಕ್ರೆಡಿಟ್ ನೋಟ್ ಮಾಡಿಟ್ಟುಕೊಳ್ಳಿ.

ದೊಡ್ಡ ಉತ್ತರ

ಮೊದಲು, ಬರೆಯಬಾರದ ಉತ್ತರ ಹೇಗಿರುತ್ತದೆ ನೋಡಿ. ದಿನವೂ ಓಡಾಡುವ ಉತ್ತರಗಳ ಅಚ್ಚು ಇದೇ:

"ಆತ್ಮೀಯ ಗ್ರಾಹಕರೇ, ತಮಗೆ ಏನಾದರೂ ತೊಂದರೆಯಾಗಿದ್ದರೆ ವಿಷಾದಿಸುತ್ತೇವೆ. ಆದರೆ ನಾವು ಚೆನ್ನಾಗಿಯೇ ಪ್ಯಾಕ್ ಮಾಡಿ ಕಳಿಸಿದ್ದೆವು, ಕೊರಿಯರ್‌ನವರ ನಿರ್ಲಕ್ಷ್ಯದಿಂದ ಹೀಗಾಗಿದೆ. ಈ ಬಗ್ಗೆ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು. ದಯವಿಟ್ಟು ಸಹಕರಿಸಿ."

ವ್ಯಾಕರಣದಲ್ಲಿ ತಪ್ಪಿಲ್ಲ, ಬೈಗುಳವೂ ಇಲ್ಲ. ಆದರೂ ಓದಿದವರಿಗೆ ಮೈ ಉರಿಯುತ್ತದೆ. 'ತೊಂದರೆಯಾಗಿದ್ದರೆ' ಎಂಬ 'ದ್ದರೆ' ಅದಕ್ಕೆ ಮೊದಲ ಕಾರಣ. ಜಾಡಿ ಚೂರಾಗಿ ಬಿದ್ದಿದೆ, ಅಲ್ಲಿ 'ಆಗಿದ್ದರೆ' ಎಂಬ ಪ್ರಶ್ನೆಯೇ ಇಲ್ಲ. 'ವಿಷಾದಿಸುತ್ತೇವೆ' ಎಂಬುದು ರೈಲು ತಡವಾದಾಗ ಮೈಕಿನಲ್ಲಿ ಕೇಳುವ ಮಾತು, ಮನುಷ್ಯರ ಬಾಯಲ್ಲಿ ಬರುವುದಿಲ್ಲ. 'ಆದರೆ' ಬಂದ ಕೂಡಲೇ ಅದರ ಹಿಂದಿದ್ದ ಕ್ಷಮೆ ಅಳಿಸಿಹೋಗುತ್ತದೆ. 'ಕೈಗೊಳ್ಳಲಾಗುವುದು' ಎಂದಾಗ ಯಾರು, ಯಾವಾಗ, ಏನು ಎಂಬ ಮೂರೂ ಮಾಯ. 'ಸಹಕರಿಸಿ' ಎಂದರೆ ಬಾಯಿ ಮುಚ್ಚಿಕೊಂಡಿರಿ ಎಂದು ಮೆತ್ತಗೆ ಹೇಳಿದಂತೆ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬುದರ ಶಿಷ್ಟ ರೂಪ ಅದು.

ಕೊರಿಯರಿನ ದೂರು ಇಲ್ಲಿ ಬರಲೇಬಾರದು ಏಕೆಂದರೆ ಆ ಕೊರಿಯರನ್ನು ಆರಿಸಿದ್ದು ನೀವು, ಗ್ರಾಹಕರಲ್ಲ. ಅವರಿಗೂ ಕೊರಿಯರಿಗೂ ವ್ಯವಹಾರವಿಲ್ಲ. ಮೊದಲ ಉತ್ತರದಲ್ಲಿ ಫೋಟೋ ಕೇಳಲು ಅದರ ಹೆಸರೆತ್ತಿದ್ದು ಸರಿ, ತಪ್ಪನ್ನು ಕೊರಿಯರಿನವರ ತಲೆಗೆ ಕಟ್ಟಲು ಎತ್ತುವುದು ಸರಿಯಲ್ಲ.

ಮಂಗಳವಾರ ಬೆಳಿಗ್ಗೆ 10.20ಕ್ಕೆ ಹಣ ಹಾಕಿದ ಮೇಲೆ ಬರೆಯುವ ಉತ್ತರ ಇದು:

"ನಮಸ್ಕಾರ ಮೇಡಂ. ನಿಮ್ಮ ₹1,480 ಇವತ್ತು ಬೆಳಿಗ್ಗೆ 10.20ಕ್ಕೆ ನೀವು ಪಾವತಿ ಮಾಡಿದ್ದ ಯುಪಿಐ ಐಡಿಗೇ ಕಳಿಸಿದ್ದೇವೆ. ಯುಟಿಆರ್ ಸಂಖ್ಯೆ ಕೆಳಗಿದೆ. ಜಾಡಿಯ ಬೆಲೆ ₹1,300, ಕೊರಿಯರ್ ₹180, ಎರಡೂ ಸೇರಿದೆ.

ಜಾಡಿ ಒಡೆದು ಬಂದದ್ದಕ್ಕೆ ಕ್ಷಮಿಸಿ. ನೀವು ಕಳಿಸಿದ ಫೋಟೋ ನೋಡಿದಾಗ ಗೊತ್ತಾಯಿತು, ಎರಡು ಜಾಡಿಗಳ ನಡುವೆ ಬರಿ ಕಾಗದ ಇಟ್ಟಿದ್ದೆವು, ಅದು ಸಾಲಲಿಲ್ಲ. ಇದು ನಮ್ಮ ತಪ್ಪು. ಇವತ್ತಿನಿಂದ ದೊಡ್ಡದು, ಚಿಕ್ಕದು ಬೇರೆ ಬೇರೆ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದೇವೆ.

ಚಿಕ್ಕ ಜಾಡಿ ನಿಮ್ಮಲ್ಲೇ ಇರಲಿ, ವಾಪಸ್ ಕಳಿಸುವುದು ಬೇಡ. ಬಳಸುವ ಮುಂಚೆ ಒಳಗೆ ಚೂರು ಸೇರಿದೆಯೇ ನೋಡಿ, ಎರಡು ಸಲ ತೊಳೆಯಿರಿ. ಬಾಯಿ ಅಥವಾ ಒಳಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಉಪ್ಪಿನಕಾಯಿಗೆ ಬಳಸಬೇಡಿ. ಪೆಟ್ಟಿಗೆಯನ್ನು ಗುರುವಾರದವರೆಗೆ ಇಟ್ಟಿದ್ದರೆ ಉಪಕಾರ, ಕೊರಿಯರಿನವರು ನೋಡಬೇಕೆಂದರೆ ನಾವೇ ಮುಂಚೆ ತಿಳಿಸುತ್ತೇವೆ. ಜಾಗವಿಲ್ಲದಿದ್ದರೆ ಹಾಕಿಬಿಡಿ.

ಇವತ್ತು ಸಂಜೆಯೊಳಗೆ ಹಣ ಕಾಣದಿದ್ದರೆ ಇದೇ ನಂಬರಿಗೆ ಒಂದು ಮಾತು ಹೇಳಿ."

ಕೊನೆಗೆ ಬರೆದವರ ಸ್ವಂತ ಹೆಸರು, ಕೆಳಗೆ ಅಂಗಡಿಯ ಹೆಸರು. 'ಗ್ರಾಹಕ ಸೇವಾ ತಂಡ' ಎಂದು ಸಹಿ ಮಾಡಬೇಡಿ, ಇಬ್ಬರೋ ಮೂವರೋ ಇರುವ ಅಂಗಡಿಗೆ ಅದು ಹೊಂದುವುದಿಲ್ಲ.

ಕ್ರಮವನ್ನು ಗಮನಿಸಿ. ಹಣ ಮೊದಲು, ಕ್ಷಮೆ ಆಮೇಲೆ. ಕ್ಷಮೆ ಒಂದೇ ಸಲ. ಪ್ರತಿ ಪ್ಯಾರಾದಲ್ಲೂ 'ದಯವಿಟ್ಟು ಕ್ಷಮಿಸಿ' ಬಂದರೆ ಓದುವವರಿಗೆ ಮುಜುಗರ, ಬರೆದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಶಂಕೆಯೂ ಹುಟ್ಟುತ್ತದೆ. ಕಾರಣ ಹೇಳಿದ್ದು ಎರಡೇ ಸಾಲು, ಅದೂ ನಿಜವಾಗಿ ಗೊತ್ತಾದದ್ದನ್ನು. ಕಾರಣ ಗೊತ್ತಾಗದಿದ್ದರೆ ಆ ಪ್ಯಾರಾವನ್ನೇ ಬಿಡಿ. ಊಹಿಸಿ ಬರೆದ ಕಾರಣವನ್ನು ಗ್ರಾಹಕರು ಒಡೆದ ಚೂರುಗಳ ಮುಂದೆ ಕೂತೇ ಓದುತ್ತಾರೆ, ತಾಳೆಯಾಗದಿದ್ದರೆ ತಕ್ಷಣ ಗೊತ್ತಾಗುತ್ತದೆ. 'ಇವತ್ತಿನಿಂದ ಬೇರೆ ಪೆಟ್ಟಿಗೆ' ಎಂದು ಬರೆದಿದ್ದರೆ ಹಾಗೇ ಮಾಡಿ. ಮಾಡದಿದ್ದರೆ ಬರೆಯಬೇಡಿ.

'ನೀವು' ಸಾಕೋ, 'ತಾವು' ಬೇಕೋ ಎಂಬುದು ಹಲವರ ಪ್ರಶ್ನೆ. 'ನೀವು' ಸಾಕು. ಅರ್ಧ 'ತಾವು', ಅರ್ಧ 'ನೀವು' ಎಂದು ಬೆರೆಸಿದರೆ ಮಾತ್ರ ಬೇರೆಲ್ಲಿಂದಲೋ ಎತ್ತಿ ಅಂಟಿಸಿದಂತೆ ಕಾಣುತ್ತದೆ. ಆರ್ಡರಿನಲ್ಲಿ ಹೆಸರು ಸ್ಪಷ್ಟವಾಗಿದ್ದರೆ ಹೆಸರಿನ ಮುಂದೆ 'ಅವರೇ' ಹಚ್ಚಬಹುದು. ಹೆಸರಿನಿಂದ ಹೆಂಗಸೋ ಗಂಡಸೋ ತಿಳಿಯದಿದ್ದರೆ ಅದೇ ಸುರಕ್ಷಿತ. 'ಅಕ್ಕ', 'ಅಣ್ಣ' ಎಂದು ಈ ಹೊತ್ತಿನಲ್ಲಿ ನೆಂಟಸ್ತನ ಬೆಳೆಸುವುದು ಬೇಡ. ವ್ಯಾಪಾರ ಕುದುರಿಸುವಾಗ ಆ ಮಾತು ಹಿತವಾಗಿದ್ದಿರಬಹುದು, ಈಗ ಪುಸಲಾಯಿಸಿದಂತೆ ಕೇಳುತ್ತದೆ.

ಅದೇ ದಿನ ಕೊರಿಯರಿಗೆ ದೂರು

ಗ್ರಾಹಕರ ಉತ್ತರ ಮುಗಿದ ಕೂಡಲೇ ಕೊರಿಯರಿಗೆ ಬರೆಯಿರಿ. ಒಂದೊಂದು ಕಂಪನಿಗೂ ದೂರಿನ ಗಡುವು ಬೇರೆ, ಕೆಲವರದು ಬಹಳ ಚಿಕ್ಕದು, ಅವರ ಷರತ್ತಿನ ಹಾಳೆಯಲ್ಲಿ ಇರುತ್ತದೆ. ಪಾರ್ಸೆಲ್ ಸಂಖ್ಯೆ, ಬಿಲ್ಲು, ಪೆಟ್ಟಿಗೆಯ ಹೊರಗಿನ ಫೋಟೋ, ಒಳಗಿನ ಫೋಟೋ ಇವನ್ನು ಒಂದೇ ಮೇಲ್‌ನಲ್ಲಿ ಕಳಿಸಿ. ಪ್ಯಾಕಿಂಗ್ ಸಾಲದು ಎಂದು ಅವರು ತಳ್ಳಿಹಾಕುವ ಸಾಧ್ಯತೆಯೇ ಹೆಚ್ಚು, ನಮ್ಮ ಪ್ರಸಂಗದಲ್ಲಂತೂ ಹಾಗೆನ್ನಲು ಅವರಿಗೆ ಆಧಾರವೂ ಇದೆ. ಸಿಕ್ಕರೆ ಸಿಕ್ಕಿತು. ಗ್ರಾಹಕರ ಹಣವನ್ನು ಇದಕ್ಕೆ ಗಂಟು ಹಾಕಿ, ಕೊರಿಯರಿನವರು ಕೊಟ್ಟ ಮೇಲೆ ಕೊಡುತ್ತೇವೆ ಎಂದು ಮಾತ್ರ ಹೇಳಬೇಡಿ.

ಇನ್ನು ಪ್ಯಾಕಿಂಗ್ ಬದಲಿಸುತ್ತೇವೆ ಎಂದು ಬರೆದಾಗಿದೆಯಲ್ಲ. ದೊಡ್ಡ ಜಾಡಿಗೆ ಐದು ಪದರದ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ, ಸುತ್ತಲೂ, ಮೇಲೆ ಕೆಳಗೆ ಎಲ್ಲ ಕಡೆ ಕನಿಷ್ಠ 5 ಸೆಂಟಿಮೀಟರ್ ಮೆತ್ತೆ ಇರಲಿ. ಮುಚ್ಚಳವನ್ನು ಬಾಯಿಯ ಮೇಲೆ ಕೂರಿಸಿ ಕಳಿಸಬೇಡಿ, ದಾರಿಯುದ್ದಕ್ಕೂ ಅದು ಬಾಯಂಚನ್ನು ಕುಟ್ಟುತ್ತಿರುತ್ತದೆ. ಬೇರೆಯಾಗಿ ಸುತ್ತಿ ಪಕ್ಕದಲ್ಲಿಡಿ. ಟೇಪು ಹಾಕುವ ಮುಂಚೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ಏನಾದರೂ ಸರಿದ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ.

ಆಮೇಲೆ ಬರುವ ಮಾತುಗಳು

ಸಂಜೆ ಅವರು 'ರೊಕ್ಕ ಬಂದಿಲ್ಲರಿ' ಎಂದರೆ 'ನಾವು ಕಳಿಸಿಯಾಗಿದೆ' ಎಂದು ಕೈತೊಳೆದುಕೊಳ್ಳಬೇಡಿ. ಮೊದಲು ನಿಮ್ಮ ಆ್ಯಪಿನಲ್ಲಿ ಆ ಪಾವತಿ ಯಶಸ್ವಿಯಾಗಿದೆಯೋ, ಇನ್ನೂ ಬಾಕಿ ಎಂದು ತೋರಿಸುತ್ತಿದೆಯೋ ನೋಡಿ. ಬಾಕಿ ಇದ್ದರೆ ಎರಡನೇ ಸಲ ಹಾಕಬೇಡಿ, ತೀರ್ಮಾನವಾಗುವವರೆಗೆ ಕಾದು, ಕಾಯುತ್ತಿರುವುದನ್ನು ಅವರಿಗೆ ತಿಳಿಸಿ. ಯಶಸ್ವಿ ಎಂದಿದ್ದರೆ ಯುಟಿಆರ್ ಸಂಖ್ಯೆ ಮತ್ತೊಮ್ಮೆ ಕೊಟ್ಟು, ಯಾವ ಯುಪಿಐ ಐಡಿಗೆ ಹೋಗಿದೆ ಎಂದು ಹೇಳಿ. ಒಂದೇ ನಂಬರಿಗೆ ಎರಡು ಖಾತೆ ಜೋಡಿಸಿಕೊಂಡು ಇನ್ನೊಂದರಲ್ಲಿ ಹುಡುಕುತ್ತಿರುವುದು ಆಗಾಗ ಆಗುವಂಥದ್ದೇ.

ಅವರು ಆಗಲೇ ಎಲ್ಲರಿಗೂ ಕಾಣುವಂತೆ ನಿಮ್ಮ ಪುಟದಲ್ಲಿ ಕೆಟ್ಟ ವಿಮರ್ಶೆ ಬರೆದಿದ್ದರೆ ಅಲ್ಲೊಂದು ಸಣ್ಣ ಉತ್ತರ ಇರಲಿ: "ಜಾಡಿ ಒಡೆದು ತಲುಪಿದ್ದು ನಿಜ, ಪ್ಯಾಕಿಂಗ್ ಸಾಲಲಿಲ್ಲ, ಕ್ಷಮಿಸಿ. ಪೂರ್ತಿ ಹಣ ಮಂಗಳವಾರ ವಾಪಸ್ ಕಳಿಸಿದ್ದೇವೆ." ಅವರ ಊರು, ಫೋನ್ ನಂಬರ್, ಆರ್ಡರಿನ ವಿವರ ಯಾವುದನ್ನೂ ಅಲ್ಲಿ ಹಾಕಬೇಡಿ. ಹಣ ಕೊಟ್ಟಿದ್ದೇವಲ್ಲ, ವಿಮರ್ಶೆ ತೆಗೆಯಿರಿ ಎಂದು ಕೇಳಬೇಡಿ. ಕೊಟ್ಟದ್ದು ಅವರದೇ ಹಣ.

ಹಣ ಸೇರಿದೆ ಎಂದು ಅವರು ತಿಳಿಸಿದರೆ 'ತಿಳಿಸಿದ್ದಕ್ಕೆ ಧನ್ಯವಾದ ಮೇಡಂ' ಎಂದಷ್ಟೇ ಬರೆದು ನಿಲ್ಲಿಸಿ. ಮುಂದಿನ ಆರ್ಡರಿಗೆ ಶೇ 10 ರಿಯಾಯಿತಿ, ಹೊಸ ಮಾಲಿನ ಫೋಟೋ ಇವು ಆ ದಿನ ಬೇಡ. ಮಾವಿನಕಾಯಿ ಕಾಲಕ್ಕೆ ಅವರೇ 'ಆ ಎರಡ ಲೀಟರ್ ಜಾಡಿ ಐತೇನ್ರಿ' ಎಂದು ಕೇಳಿದರೆ, ಹೊಸ ಪ್ಯಾಕಿಂಗಿನ ಫೋಟೋ ತೆಗೆದು ತೋರಿಸಿ, ಆಮೇಲೆ ಬೆಲೆ ಹೇಳಿ.